ದಯಾನಂದ ಅಳಿಸಿದ ಸಾಲುಗಳು

ನಮ್ಮ ಆಫೀಸಿನ ದಯಾನಂದ ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೇ ಮನಸ್ಸು ಬಾರದೆ ಹೋಗಬಹುದು. ಶೆಟ್ಟಿಕೆರೆಯವನು, ದಿನಾ ಬಸ್ಸಿನಲ್ಲಿ ತಿಪಟೂರಿಗೆ ಬರುತ್ತಿದ್ದ. ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಅಳಿಸದಷ್ಟು ನೆಟ್ಟಗೆ ಕೂತು ಕೆಲಸ ಮಾಡುವವನು. ಕಂಪ್ಯೂಟರಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಹೆಂಡತಿಯ ವಿಷಯದಲ್ಲಿ ಮಾತ್ರ ಅವನಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ.

ನಮ್ಮದು ‘ಕಂಕಣ’ ಎಂಬ ವಧೂವರರ ಆ್ಯಪ್. ಆಫೀಸು ಕೊಬ್ಬರಿ ಗೋದಾಮಿನ ಮೇಲಿನ ಮಹಡಿಯಲ್ಲಿ. ಯಜಮಾನರು ಶಂಭುಲಿಂಗಯ್ಯನವರು, ತಲೆತಲಾಂತರದಿಂದ ಕೊಬ್ಬರಿ ವ್ಯಾಪಾರದವರು. ಆ್ಯಪನ್ನು ಕಟ್ಟಿದವನು ದಯಾನಂದ, ಫೋನ್ ಎತ್ತಿ ಬೈಸಿಕೊಳ್ಳುವವಳು ನಾನು, ಜ್ಯೋತಿಲಕ್ಷ್ಮಿ. ಕೂಗಾಡುವ ಗಿರಾಕಿಗಳಿಗೆಲ್ಲ ನಾನು ಜ್ಯೋತಕ್ಕ.

ಆ್ಯಪಿನಲ್ಲಿ ‘ನನ್ನ ಖಾತೆ ಅಳಿಸಿ’ ಎಂಬ ಬಟನ್ ಒಂದಿತ್ತು. ಅದನ್ನು ಒತ್ತಿದರೆ ‘ನಿಮ್ಮ ವಿವರ ಅಳಿಸಲಾಗಿದೆ’ ಎಂದು ಬರುತ್ತಿತ್ತು. ಅದು ಸುಳ್ಳು. ಡೇಟಾಬೇಸಿನಲ್ಲಿ ಒಬ್ಬೊಬ್ಬರ ವಿವರವೂ ಒಂದೊಂದು ಸಾಲು. ಬಟನ್ ಒತ್ತಿದಾಗ ಆ ಸಾಲು ಹೋಗುತ್ತಿರಲಿಲ್ಲ. ಅದರ ಪಕ್ಕದ ಖಾಲಿ ಚೌಕದಲ್ಲಿ ‘ಅಳಿಸಿದ ತಾರೀಕು’ ಬೀಳುತ್ತಿತ್ತು, ಅಷ್ಟೇ. ತಾರೀಕು ಬಿದ್ದವರನ್ನು ಆ್ಯಪ್ ಯಾರಿಗೂ ತೋರಿಸುತ್ತಿರಲಿಲ್ಲ. ಹೆಸರು, ಫೋಟೊ, ಜಾತಕ, ಆಡಿದ ಮಾತು, ಎಲ್ಲವೂ ಇದ್ದಲ್ಲೇ ಇರುತ್ತಿತ್ತು.

ಹೀಗೆ ಮಾಡಿಸಿದವರು ಯಜಮಾನರೇ. ನಮ್ಮ ಕಡೆ ಮಾತುಕತೆ ಕುದುರಿದ ಕೂಡಲೇ ಜನ ಖಾತೆ ಅಳಿಸುತ್ತಾರೆ. ಆಮೇಲೆ ಜಾತಕದಲ್ಲೋ ತೋಟದ ಲೆಕ್ಕದಲ್ಲೋ ಮಾತು ಮುರಿದರೆ, ‘ಅಕ್ಕಾ, ಹಳೇದನ್ನೇ ಹಾಕ್ಕೊಡಿ’ ಎಂದು ಫೋನ್ ಮಾಡುತ್ತಾರೆ. ತಾರೀಕು ಒರೆಸಿದರೆ ಹುಡುಗ ಮತ್ತೆ ಪೇಟೆಗೆ ಬಂದ. ಉಂಡೆ ಕೊಬ್ಬರಿಗೆಂದು ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುವ ಯಜಮಾನರಿಗೆ ಇದು ಸಹಜವಾಗಿ ಕಂಡಿತು. ಆಫೀಸಿನಲ್ಲಿ ನಾವು ಅದನ್ನು ‘ಅಟ್ಟಕ್ಕೆ ಹಾಕೋದು’ ಎಂದೇ ಕರೆಯುತ್ತಿದ್ದೆವು.

ಊರಿಗೆಲ್ಲ ಹೆಣ್ಣು ಹುಡುಕಿಕೊಟ್ಟ ದಯಾನಂದನಿಗೆ ಹೆಣ್ಣು ಹುಡುಕಿದ್ದು ಅವನ ಸೋದರತ್ತೆ. ತುರುವೇಕೆರೆಯ ಇಂಪನಾ, ಅಲ್ಲಿನ ಶಾಲೆಯೊಂದರಲ್ಲಿ ಟೀಚರು. ಲಕ್ಷಣವಾದ ಹುಡುಗಿ, ಮಾತು ಕಡಿಮೆ, ಆಡಿದರೆ ಮಾತ್ರ ಗುಂಡಿನೇಟು. ಮದುವೆಯಾಗಿ ಕೆಲವು ತಿಂಗಳಿಗೆ ಅವಳು ನಗುತ್ತಾ, ತಾನೂ ಹಿಂದೆ ಕಂಕಣದಲ್ಲಿ ಹೆಸರು ಹಾಕಿದ್ದೆ, ನಿಮ್ಮ ಸಂಬಂಧ ಒಪ್ಪಿದ ಮೇಲೆ ಅಳಿಸಿದೆ ಎಂದಳಂತೆ. ದಯಾನಂದನೂ ನಕ್ಕನಂತೆ. ಮರುದಿನ ಬೆಳಗ್ಗೆ ಆಫೀಸಿಗೆ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ.

ಅವಳ ಸಾಲು ಸಿಕ್ಕಿತು. ಸಿಗದೆ ಎಲ್ಲಿಗೆ ಹೋಗುತ್ತದೆ, ಅದನ್ನು ಅಲ್ಲಿ ಇಟ್ಟವನೇ ಅವನು. ಆ ಸಾಲಿಗೆ ಒಂದು ಮಾತುಕತೆ ಅಂಟಿಕೊಂಡಿತ್ತು. ಹುಳಿಯಾರಿನ ಸೂರ್ಯಪ್ರಕಾಶ ಎಂಬವನ ಜೊತೆ, ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಕೊನೆಯ ಸಂದೇಶ ಇಂಪನಾ ಕಳಿಸಿದ್ದು. ಅದರ ತಾರೀಕು, ದಯಾನಂದನ ಮನೆಯವರು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು ಬಂದ ದಿನದ ಮರುದಿನ.

ಅವನು ಓದಲಿಲ್ಲ. ಸಂದೇಶಗಳ ಪಟ್ಟಿಯಲ್ಲಿ ತಾರೀಕು ಮಾತ್ರ ನೋಡಿದ. ಬರೆದದ್ದೇನು ಎಂಬುದು ಒಂದು ಒತ್ತಿನಷ್ಟು ದೂರದಲ್ಲಿತ್ತು, ಒತ್ತಲು ಅವನಿಗೆ ಧೈರ್ಯ ಬರಲಿಲ್ಲ. ಓದಿದರೆ ಗೊತ್ತಾಗಿಬಿಡುತ್ತದೆ. ಹೊಟ್ಟೆಕಿಚ್ಚಿನವರಿಗೆ ಗೊತ್ತಾಗುವುದು ಬೇಕಿಲ್ಲ, ಉರಿಯುವುದು ಬೇಕು. ನಾನು ಅದನ್ನು ಆ ಹುಡುಗನಲ್ಲಿ ಕಣ್ಣಾರೆ ಕಂಡೆ. ದಿನಾ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ, ಅವಳು ಕಟ್ಟಿಕೊಟ್ಟ ಚಪಾತಿ ತಿನ್ನುತ್ತಾ, ಅವಳ ಹಳೆಯ ಸಾಲನ್ನು ತೆರೆದು ಆ ತಾರೀಕನ್ನು ನೋಡುತ್ತಿದ್ದ. ಪಕ್ಕದಲ್ಲೇ ಸೂರ್ಯಪ್ರಕಾಶನ ಫೋಟೊ. ನೀಲಿ ಅಂಗಿ, ತುಂಬು ಮೀಸೆ.

ನಾನು ಹಿಂದಿನಿಂದ ನೋಡಿ ಯಾರಪ್ಪ ಇವನು ಎಂದು ಕೇಳಿದ ದಿನವೇ ಎಲ್ಲ ಹೊರಗೆ ಬಂತು. ‘ಓದೇ ಬುಡು, ಇಲ್ಲಾ ಅವಳನ್ನೇ ಕೇಳು’ ಎಂದೆ. ಎರಡೂ ಆಗದು ಎಂದ. ಹಾಗಾದರೆ ಸಾಯಿ ಎಂದು ನನ್ನ ಕೆಲಸ ನೋಡಿಕೊಂಡೆ.

ಆಮೇಲೆ ಅವನ ಆಟ ನೋಡಬೇಕಿತ್ತು. ಮೀಸೆ ಬಿಡಲು ಹೊರಟ, ಅದು ಬರಲಿಲ್ಲ. ಹುಳಿಯಾರಿನ ದಿಕ್ಕೇ ಬೇಡವೆಂದು ಮನೆಗೆ ಬೇಕಾದ ಮೊಳೆಯನ್ನೂ ಕಿಬ್ಬನಹಳ್ಳಿಯಿಂದ ತರುತ್ತಿದ್ದ, ಆ ಊರಿನ ಹೆಸರು ಕಿವಿಗೆ ಬಿದ್ದರೆ ಮುಖ ಸುಟ್ಟ ಬದನೆಕಾಯಿ. ಇಂಪನಾಳ ಚಿಕ್ಕಮ್ಮನ ಮಗಳ ಮದುವೆ ಹುಳಿಯಾರಿನಲ್ಲೇ ಇತ್ತು. ಇವನು ಜ್ವರ ಎಂದು ಮಲಗಿದ, ಅವಳನ್ನೂ ಕಳಿಸಲಿಲ್ಲ. ಅವಳು ಫೋನ್ ಹಿಡಿದರೆ ಇವನ ಕಣ್ಣು ಫೋನಿನ ಮೇಲೆ. ಅವಳು ಸುಮ್ಮನೆ ನಕ್ಕರೆ ಯಾರನ್ನು ನೆನೆದು ನಕ್ಕಳು ಎಂಬ ಲೆಕ್ಕ. ಆ ಹುಡುಗಿ ದಿನದಿನಕ್ಕೂ ಸಣ್ಣಗಾದಳು, ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಕರುಣೆ ಇತ್ತು, ಅದಕ್ಕಿಂತ ಹೆಚ್ಚಾಗಿ ಕೋಪ ಇತ್ತು.

ಹೀಗಿರುವಾಗ ಒಂದು ದಿನ ಫೋನ್ ಎತ್ತಿದರೆ ಸಾಕ್ಷಾತ್ ಸೂರ್ಯಪ್ರಕಾಶ. ಕೂಗಾಡಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ತನ್ನ ಖಾತೆ ಅಳಿಸಿ ಬಹಳ ಕಾಲವಾಗಿದೆ, ಈಗ ಮದುವೆ ಗೊತ್ತಾಗಿದೆ, ಆದರೂ ‘ನಿಮಗೆ ಹೊಸ ಸಂಬಂಧ ಬಂದಿದೆ’ ಎಂದು ನಿಮ್ಮಿಂದ ಸಂದೇಶ ಬಂತು, ಅದನ್ನು ಹುಡುಗಿಯ ಅಣ್ಣ ನೋಡಿದ ಎಂದ. ತಪ್ಪು ನಮ್ಮದೇ. ಎಲ್ಲರಿಗೂ ಒಟ್ಟಿಗೆ ಸಂದೇಶ ಕಳಿಸುವ ಹೊಸ ಪ್ರೋಗ್ರಾಮಿನಲ್ಲಿ, ಅಳಿಸಿದ ತಾರೀಕು ಬಿದ್ದವರನ್ನು ಬಿಡು ಎಂಬ ಮಾತನ್ನು ಬರೆಯಲು ದಯಾನಂದ ಮರೆತಿದ್ದ. ಅವನ ತಲೆ ಎಲ್ಲಿತ್ತು ಎಂದು ನನಗೆ ಗೊತ್ತು.

ಯಜಮಾನರು ಬೆವತರು. ಮಾಹಿತಿ ರಕ್ಷಣೆಗೆ ಈಗ ಕಾನೂನೇ ಇದೆ, ಅಳಿಸು ಎಂದರೆ ಅಳಿಸಲೇಬೇಕು, ಈ ಅಟ್ಟದ ಆಟ ಸಾಕು ಎಂದರು. ಸೂರ್ಯಪ್ರಕಾಶನದ್ದನ್ನು ಇವತ್ತೇ ನಿಜವಾಗಿ ಅಳಿಸುವುದು. ಹಣ ಕಟ್ಟಿದ ರಸೀದಿ ಮಾತ್ರ ತೆರಿಗೆಯವರಿಗೆ ಬೇಕು, ಅದು ಇರಲಿ. ಅವನು ಬರೆದ ಸಂದೇಶಗಳು ಹೋಗಲಿ. ಅವನಿಗೆ ಬೇರೆಯವರು ಬರೆದದ್ದು ಅವರವರದು, ಅವನ ಹೆಸರು ಕಿತ್ತು ‘ಹಿಂದಿನ ಸದಸ್ಯ’ ಎಂದು ಹಾಕುವುದು. ಅಟ್ಟದಲ್ಲಿರುವ ಉಳಿದವರಿಗೆ ಜ್ಯೋತಿ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಲಿ, ಆಮೇಲೆ ಅವರದ್ದೂ ಅಳಿಸುವುದು. ನ್ಯಾಯವಾಗಿ ನೋಡಿದರೆ ಅವರೆಲ್ಲರದ್ದೂ ಎಂದೋ ಹೋಗಬೇಕಿತ್ತು.

ಅಂದು ದಯಾನಂದನಷ್ಟು ಖುಷಿಯಿಂದ ಕೀಲಿಮಣೆ ಕುಟ್ಟಿದವನನ್ನು ನಾನು ಕಂಡಿಲ್ಲ. ಸೂರ್ಯಪ್ರಕಾಶನ ಫೋಟೊ ಹೋಯಿತು, ಫೋನ್ ನಂಬರ್ ಹೋಯಿತು, ಸಾಲೇ ಹೋಯಿತು. ಇಂಪನಾಳ ಜೊತೆಗಿನ ಮಾತುಕತೆಯ ಬಳಿ ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಸಂದೇಶಗಳನ್ನು ಒಂದೊಂದಾಗಿ ಆರಿಸುವ ಬದಲು ಆ ಮಾತುಕತೆಯ ಸಾಲನ್ನೇ ಅಳಿಸಿದ. ಅದನ್ನು ಕಟ್ಟಿದ್ದೇ ಹಾಗೆ, ತಾಯಿ ಸಾಲನ್ನು ಅಳಿಸಿದರೆ ಅದರ ಕೆಳಗಿನ ಮಕ್ಕಳೆಲ್ಲ ಒಟ್ಟಿಗೆ ಹೋಗುತ್ತವೆ. ಸೂರ್ಯಪ್ರಕಾಶ ಬರೆದದ್ದೂ ಹೋಯಿತು, ಇಂಪನಾ ಬರೆದದ್ದೂ ಹೋಯಿತು. ‘ಅವಳದ್ದು ಇರಬೇಕಿತ್ತಲ್ಲಪ್ಪ’ ಎಂದೆ. ‘ಯಾಕಕ್ಕ, ಯಾರಿಗೆ ಬೇಕು?’ ಎಂದ. ಅಂದು ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದ.

ಬ್ಯಾಕಪ್ಪಿನಲ್ಲಿ ಇನ್ನೂ ಇತ್ತು. ದಿನಾ ಒಂದು ನಕಲು ಆಗುತ್ತದೆ, ತಿಂಗಳು ಕಳೆದ ನಕಲನ್ನು ಹೊಸದು ತಿಂದುಹಾಕುತ್ತದೆ. ಆ ತಿಂಗಳೂ ಕಳೆಯಿತು.

ಸಾಲು ಹೋದರೆ ಉರಿಯೂ ಹೋಗಬಹುದು ಎಂದುಕೊಂಡಿದ್ದೆ. ಹೋಗಲಿಲ್ಲ. ಮೊದಲು ಒಂದು ತಾರೀಕನ್ನು ನೋಡಿ ಉರಿಯುತ್ತಿದ್ದವನು ಈಗ ನೋಡಲು ಏನೂ ಇಲ್ಲದೆ ಉರಿದ. ಕಡೆಗೆ ಮನೆಯಲ್ಲಿ ಯಾವುದೋ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಶುರುವಾದ ಜಗಳದಲ್ಲಿ ‘ಹುಳಿಯಾರಿನವನಿಗೆ ಮಾಡಿ ಹಾಕ್ಬೇಕಿತ್ತು’ ಎಂದುಬಿಟ್ಟನಂತೆ. ಅದು ನಿಮಗೆ ಹೇಗೆ ಗೊತ್ತು ಎಂದು ಅವಳು ಹಿಡಿದು ಕೇಳಿದಾಗ ಅಟ್ಟದ ವಿಷಯ, ಆ ತಾರೀಕಿನ ವಿಷಯ ಎರಡನ್ನೂ ಹೇಳಿದನಂತೆ.

ಮರುದಿನ ಇಂಪನಾ ಶಾಲೆಗೆ ರಜೆ ಹಾಕಿ ನೇರ ನಮ್ಮ ಆಫೀಸಿಗೆ ಬಂದಳು. ಗಂಡನ ಕಡೆ ನೋಡಲೂ ಇಲ್ಲ, ನನ್ನ ಮುಂದಿನ ಕುರ್ಚಿಯಲ್ಲಿ ಕೂತಳು.

‘ಅಕ್ಕ, ನಾನು ನಿಮ್ಮ ಹಳೇ ಗಿರಾಕಿ. ನಂದೇನೇನು ಇಟ್ಕೊಂಡಿದ್ದೀರೋ ಅದ್ರ ನಕಲು ಕೇಳೋ ಹಕ್ಕು ನನಗಿದೆ ತಾನೆ? ಸೂರ್ಯಪ್ರಕಾಶ್‌ಗೆ ಬರ್ದಿದ್ದನ್ನ ತೆಗೀರಿ. ಇವ್ರು ಓದ್ಲಿ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಇವ್ರು.’

ನಾನು ದಯಾನಂದನನ್ನು ನೋಡಿದೆ.

‘ಇಲ್ಲ’ ಎಂದ. ‘ಅಳಿಸಿಬಿಟ್ಟೆ.’

‘ಅಳಿಸಿದ್ರೂ ಇರತ್ತೆ ಅಂತ ರಾತ್ರಿ ನೀವೇ ಹೇಳಿದ್ರಲ್ಲ.’

‘ಇದು ಇರಲ್ಲ ಕಣೇ. ಬೇರು ಸಮೇತ ತೆಗ್ದೆ.’

‘ಓದಿ ತೆಗೆದ್ರಾ?’

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಕೆಳಗೆ ಗೋದಾಮಿನಲ್ಲಿ ಚೀಲ ಹೊರುವವರ ಮಾತು ಕೇಳುತ್ತಿತ್ತು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

‘ಹಂಗಾರೆ ಬಾಯಲ್ಲೇ ಹೇಳ್ತೀನಿ’ ಎಂದಳು. ‘ನಿನ್ನೆ ಒಬ್ಬ ಹುಡುಗ ನೋಡೋಕೆ ಬಂದಿದ್ದ, ನನ್ನನ್ನ ಏನೂ ಕೇಳ್ಲಿಲ್ಲ, ನಮ್ಮಜ್ಜಿಗೆ ಕಿವಿ ಕೇಳ್ಸಲ್ಲ ಅಂತ ಪಕ್ಕದಲ್ಲೇ ಕೂತು ನಿಧಾನವಾಗಿ ಮಾತಾಡ್ತಿದ್ದ. ಅವ್ನನ್ನೇ ಮಾಡ್ಕೋತೀನಿ, ಇನ್ನು ಬರೀಬೇಡಿ. ಇಷ್ಟೇ ನಾನು ಬರ್ದಿದ್ದು.’

ಆಗಲಾದರೂ ಅವನು ಅವಳ ಕಾಲಿಗೆ ಬೀಳಬಹುದಿತ್ತು. ಕೈಯಾದರೂ ಹಿಡಿಯಬಹುದಿತ್ತು. ಬಾಯಿ ತೆರೆದ. ‘ನಿಜವಾಗ್ಲೂ?’ ಎಂದ.

ಒಂದೇ ಮಾತು. ಎಷ್ಟು ಮೆಲ್ಲಗೆ ಕೇಳಿದ ಎಂದರೆ ಅವನಿಗೇ ಕೇಳಿಸಿತೋ ಇಲ್ಲವೋ. ಅವಳಿಗೆ ಕೇಳಿಸಿತು.

ಅವಳು ಬ್ಯಾಗು ತೆಗೆದುಕೊಂಡು ಎದ್ದಳು. ನನ್ನದೂ ಪೂರ್ತಿ ಅಳಿಸಿಬಿಡಿ ಅಕ್ಕ, ಅಂದು ಕೇಳಿದಂತೆ ಇಂದಾದರೂ ಮಾಡಿ ಎಂದು ನನಗೆ ಹೇಳಿ ಮೆಟ್ಟಿಲಿಳಿದಳು. ಶೆಟ್ಟಿಕೆರೆಗೆ ಹೋಗಲಿಲ್ಲ, ತುರುವೇಕೆರೆ ಬಸ್ಸು ಹತ್ತಿದಳು ಎಂದು ಆಮೇಲೆ ಗೊತ್ತಾಯಿತು.

ಅವಳ ಸಾಲನ್ನು ಅಳಿಸಬೇಕಾದವನು ಅವನೇ. ಅಳಿಸಿದ. ಅಂದಿನಿಂದ ತುರುವೇಕೆರೆಗೆ ಹೋಗುತ್ತಾನೆ, ಬರುತ್ತಾನೆ, ಅತ್ತೆ ಕಾಫಿ ಕೊಡುತ್ತಾರೆ, ಅವಳು ಒಳಗಿಂದ ಬರುವುದಿಲ್ಲ. ಈಗ ಅವಳ ಮಾತನ್ನು ನಂಬುತ್ತೇನೆ ಎಂದು ನನ್ನ ಮುಂದೆ ಆಣೆ ಮಾಡುತ್ತಾನೆ. ಆದರೂ ಆ ಹುಳಿಯಾರಿನವನ ಮೇಲಿನ ಹೊಟ್ಟೆಕಿಚ್ಚು ಆರಿಲ್ಲ, ಮೊದಲಿಗಿಂತ ಜಾಸ್ತಿಯಾಗಿದೆ. ನಾನು ಬೈಯುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಈ ಸಲ ಅವನ ಉರಿಗೆ ಕಾರಣವಿದೆ. ಅವನ ಬಗ್ಗೆ ಅವನ ಹೆಂಡತಿ ಮನಸಾರೆ ಬರೆದ ಆ ನಾಲ್ಕು ಸಾಲನ್ನು ಓದಿದವನು ಈ ಲೋಕದಲ್ಲಿ ಸೂರ್ಯಪ್ರಕಾಶ ಒಬ್ಬನೇ.