ಸಹಜ ಬಂದೀವ್ರಿ

ನಮ್ಮ ಕಡೆ ಕೆಲಸವಿಟ್ಟುಕೊಂಡು ಯಾರ ಮನೆಗಾದರೂ ಹೋದರೆ, ಆ ಕೆಲಸವನ್ನು ಹೊಸ್ತಿಲಲ್ಲೇ ಹೇಳುವುದು ಮರ್ಯಾದೆಯಲ್ಲ. ಮೊದಲು ಕಾಲಿಗೆ ನೀರು, ಕುಡಿಯಲು ನೀರು, ಆಮೇಲೆ ಚಹಾ. ಮನೆಯವರು "ಮತ್ತೇನ್ರಿ, ಈ ಕಡೆ ಬಂದ್ರಿ?" ಎಂದು ಕೇಳಿದಾಗ "ಏನಿಲ್ರಿ, ಸಹಜ ಬಂದೀವಿ" ಅನ್ನಬೇಕು, ಸುಮ್ಮನೆ ಬಂದೆವು ಎಂಬಂತೆ. ಅವರು ಇನ್ನೊಮ್ಮೆ ಕೇಳಬೇಕು, ನಾವು ಇನ್ನೊಮ್ಮೆ ಸಹಜ ಅನ್ನಬೇಕು. ಮೂರನೆಯ ಸಲ ಕೇಳಿದಾಗ ಗಂಟಲು ಸರಿಮಾಡಿಕೊಂಡು, ಎತ್ತು ಕೇಳಲು ಬಂದಿದ್ದರೆ ಎತ್ತಿನ ಮಾತು, ಹೆಣ್ಣು ಕೇಳಲು ಬಂದಿದ್ದರೆ ಹೆಣ್ಣಿನ ಮಾತು. ಈ ಆಟದಲ್ಲಿ ಇಬ್ಬರಿಗೂ ನಿಯಮ ಗೊತ್ತಿರಬೇಕು. ಒಬ್ಬರಿಗೇ ಗೊತ್ತಿದ್ದರೆ ಏನಾಗುತ್ತದೆ ಎನ್ನುವುದನ್ನು ನಾನು ವಿಜಾಪುರದ ಸರಕಾರಿ ಬಂಗಲೆಯಲ್ಲಿ ಕಣ್ಣಾರೆ ಕಂಡೆ. ಇಂದಿಗೂ ನೆನಪಾದರೆ ಮೈ ಉರಿಯುತ್ತದೆ.

ನಮ್ಮೂರು ಸಾರವಾಡದ ಹತ್ತಿರದ ಒಂದು ಸಣ್ಣ ಊರು. ಸಾಲಿ ಏಳನೆಯ ಇಯತ್ತೆಗೆ, ಅಂದರೆ ಏಳನೆಯ ತರಗತಿಗೆ, ಮುಗಿಯುತ್ತಿತ್ತು. ಅದರ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ದಾಟಿದ ಗಂಡುಹುಡುಗರು ವಿಜಾಪುರಕ್ಕೆ ಹೋಗಿ ಬೋರ್ಡಿಂಗಿನಲ್ಲಿ ಇದ್ದುಕೊಂಡು ಓದುತ್ತಿದ್ದರು. ಹೆಣ್ಣುಹುಡುಗಿಯರು ರೊಟ್ಟಿ ಬಡಿಯುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳವು. ಆ ಬೇಸಿಗೆಯಲ್ಲಿ ನಾನೂ ಮುಲ್ಕಿ ಪಾಸಾದೆ. ಮನೆಯಲ್ಲಿ ದೊಡ್ಡ ಸೋದರಮಾವನ ಮಾತೇ ಮಾತು. ಎಂಟನೆಯ ಇಯತ್ತೆ ಊರಿಗೇ ಬಂದರೆ ಹುಡುಗಿ ಓದಲಿ, ಬರದಿದ್ದರೆ ಈ ವರ್ಷವೇ ಲಗ್ನ ಮಾಡಿ ಕೈ ತೊಳೆದುಕೊಳ್ಳಿರಿ ಎಂದು ಅವನು ಹೇಳಿ ಹೋಗಿದ್ದ. ಅಪ್ಪ ಅವನ ಮುಂದೆ ಹೂಂ ಅಂದ. ಅವನು ಹೋದ ಮೇಲೆ ಸಾಲಿಯ ಹೆಡ್ ಮಾಸ್ತರರ ಮನೆಗೆ ನಡೆದ.

ಹೊಸ ತರಗತಿಗೆಂದು ಪಂಚಾಯಿತಿಯವರು ಖೋಲಿ ಕಟ್ಟಿಸಿಯೇ ಬಿಟ್ಟಿದ್ದರು. ಬೇಕಾಗಿದ್ದುದು ಸರಕಾರದ ಒಂದು ಮಂಜೂರಿ, ಅದೂ ಜೂನಿನಲ್ಲಿ ಸಾಲಿ ತೆರೆಯುವುದರೊಳಗೆ. ಅಷ್ಟರಲ್ಲಿ ಬೆಂಗಳೂರಿನಿಂದ ದೊಡ್ಡ ಮಂತ್ರಿಗಳೊಬ್ಬರು ವಿಜಾಪುರಕ್ಕೆ ಪ್ರವಾಸ ಬರುತ್ತಾರೆಂಬ ಸುದ್ದಿ ಬಂತು. ಮಾಸ್ತರರು ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದರು. ಮಂತ್ರಿಗಳನ್ನು ನೇರವಾಗಿ ಕಾಣಲಾಗದು, ಅವರ ಜೊತೆಗೇ ಬರುವ ಪಿ.ಎ. ಸಾಹೇಬರನ್ನು ಹಿಂದಿನ ಸಂಜೆಯೇ ಬಂಗಲೆಯಲ್ಲಿ ಕಂಡು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಹುಡುಗಿಯನ್ನೂ ಕರೆದುಕೊಂಡು ಹೋಗಿರಿ, ಕಂಡರೆ ಮನಸ್ಸು ಕರಗೀತು ಎಂದರು. ಸ್ವತಃ ಅವರು ಒಳಗೆ ಬರುವಂತಿರಲಿಲ್ಲ. ನೌಕರಿಯವರು ಮೇಲಿನವರನ್ನು ಕೇಳದೆ ಮಂತ್ರಿಗಳ ಮುಂದೆ ನಿಂತರೆ ನೌಕರಿಗೇ ಕುತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಅಪ್ಪನಿಗೆ ಪಾಠ ಹೇಳಿದರು. "ವಿಷಯ ಮೊದಲ ಹೇಳ್ರಿ. ಎಂಟನೇ ಇಯತ್ತೆ ಮಂಜೂರಿ, ಅಷ್ಟ. ಎಷ್ಟ ಹೊತ್ತು ಅಂತ ಕೇಳಿದ್ರ ಹತ್ತು ಮಿನಿಟು ಅನ್ರಿ. ಯಾವಾಗ ಅಂದ್ರ ಸಾಹೇಬ್ರ ಅನುಕೂಲ ಅನ್ರಿ." ಅಪ್ಪ ಪ್ರತಿ ಮಾತಿಗೂ ತಲೆಯಾಡಿಸಿದ. ಮಾಸ್ತರರೇ ಬರೆದ ಅರ್ಜಿ ಅವನ ಅಂಗಿಯ ಒಳಕಿಸೆಯಲ್ಲಿತ್ತು. ಅದನ್ನು ಮಂತ್ರಿಗಳ ಕೈಗೇ ಕೊಡಬೇಕು, ನಡುವಿನವರಿಗೆ ಕೊಡಬಾರದು ಎಂದು ಊರಿನಲ್ಲಿ ಯಾರೋ ಶಾಣ್ಯಾ ಅವನ ತಲೆಯಲ್ಲಿ ತುಂಬಿದ್ದ.

ಬಂಗಲೆಯ ಗೇಟಿನಾಚೆ ಬೇವಿನ ಗಿಡದ ಕೆಳಗೆ ಮಾಸ್ತರರು ನಿಂತರು. ನಾನೂ ಅಪ್ಪನೂ ಒಳಗೆ ಹೋದೆವು. ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಕನ್ನಡಕದ ಸಣಕಲು ಮನುಷ್ಯರೊಬ್ಬರು ಬರೆಯುತ್ತ ಕುಳಿತಿದ್ದರು. ಮಗ್ಗುಲಲ್ಲಿ ಟೈಪ್ ಮಾಡುವ ಯಂತ್ರ. ಅವರು ಮೈಸೂರಿನ ಕಡೆಯವರು. ಆಗಿನ್ನೂ ಎರಡೂ ಕಡೆಯವರು ಒಂದು ರಾಜ್ಯವಾಗಿ ಬಹಳ ವರ್ಷಗಳಾಗಿರಲಿಲ್ಲ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು, ಪೂರ್ತಿ ಆಗುತ್ತಿರಲಿಲ್ಲ. ಆದರೆ ಪಿ.ಎ. ಸಾಹೇಬರು ಸೊಕ್ಕಿನವರಲ್ಲ. ಅಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿ, ಊರು ಯಾವುದು, ಎಷ್ಟು ಮಂದಿ ಬಂದಿದ್ದೀರಿ ಎಂದು ಕೇಳಿ ಬರೆದುಕೊಂಡರು. ಆಮೇಲೆ ತಲೆ ಎತ್ತಿದರು.

"ಏನು ವಿಷಯ ಯಜಮಾನ್ರೇ?"

ಅಪ್ಪ ರುಮಾಲು ಸರಿಮಾಡಿಕೊಂಡ. ಕೈ ಮುಗಿದ.

"ಏನಿಲ್ರಿ, ಸಹಜ ಬಂದೀವ್ರಿ."

ಬಸ್ಸಿನ ಪಾಠ ಅಲ್ಲಿಗೇ ಮುಗಿಯಿತು. ಆದರೂ ಅವರು ಇನ್ನೊಮ್ಮೆ ಕೇಳುತ್ತಾರೆ ಎಂದುಕೊಂಡೆ. ಅಪ್ಪನೂ ಹಾಗೆಯೇ ಅಂದುಕೊಂಡು, ಮುಂದಿನ ಸಲಕ್ಕೆ ಗಂಟಲು ಹದಮಾಡಿಕೊಳ್ಳುತ್ತಿದ್ದ. ಅವರು ಕೇಳಲಿಲ್ಲ. ಅವರ ಕಡೆ ಸಹಜ ಅಂದರೆ ಸಹಜವೇ.

"ಸಂತೋಷ. ಹಾಗಾದ್ರೆ ಸೌಜನ್ಯದ ಭೇಟಿ ಅಂತ ಬರ್ಕೊಳ್ಳಲಾ?"

ಸೌಜನ್ಯ ಎಂಬ ಮಾತು ಅಪ್ಪನ ಕಿವಿಗೆ ಚಲೋ ಕೇಳಿಸಿತು. ದೊಡ್ಡವರು ತನಗೆ ಕೊಟ್ಟ ಮಾನ ಅಂದುಕೊಂಡ. ಹೂಂ ಅಂದ. ನಾಳೆ ಯಾವ ಹೊತ್ತು ಅನುಕೂಲ ಎಂದು ಕೇಳಿದರೆ, ನಮಗೇನು ಯಾವಾಗಾದರೂ ನಡೆಯುತ್ತದೆ, ನಸುಕಿನಲ್ಲಿ ಕರೆದರೂ ಬರುತ್ತೇವೆ, ಇಡೀ ದಿನ ಕಾಯೆಂದರೂ ಕಾಯುತ್ತೇವೆ ಎಂದ. ಮಾಸ್ತರರ ಪಾಠದಲ್ಲಿ ಇದೊಂದನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚಾಗಿ ಒಪ್ಪಿಸಿದ್ದ. ಪಿ.ಎ. ಸಾಹೇಬರು ಅದನ್ನೂ ಬರೆದುಕೊಂಡರು. ನಾನು ಅಪ್ಪನ ಹಿಂದೆ ನಿಂತು ಅವನ ಅಂಗಿಯ ಚುಂಗು ಜಗ್ಗಿದೆ. ಗಂಡಸರ ನಡುವೆ ಹೆಣ್ಣುಹುಡುಗಿ ಬಾಯಿ ಹಾಕುವುದು ಆಗ ಇರಲಿಲ್ಲ. ಅಪ್ಪ ನೊಣ ಓಡಿಸುವಂತೆ ನನ್ನ ಕೈ ಸರಿಸಿದ.

ಹೊರಗೆ ಬಂದು ಅಪ್ಪ ಖುಷಿಯಿಂದಲೇ ವರದಿ ಒಪ್ಪಿಸಿದ. ಸೌಜನ್ಯ ಅಂತ ಬರೆದುಕೊಂಡಾರೆಂದು ಕೇಳಿದ್ದೇ ತಡ, ಮಾಸ್ತರರು ಹಣೆ ಹಿಡಿದುಕೊಂಡು ಗಿಡದ ಬೊಡ್ಡೆಗೆ ಒರಗಿ ಕೂತರು. ಬೈಯಲಿಲ್ಲ. "ಸೌಜನ್ಯ ಅಂದ್ರ ಹಾರ ಹಾಕಿ ಹೋಗೂದ್ರಿ. ಮಾತಾಡೂದಲ್ಲ" ಎಂದಷ್ಟೇ ಹೇಳಿ, ತಿರುಗಿ ಹೋಗಿ ಸರಿಮಾಡಿಸಿಕೊಂಡು ಬರ್ರಿ ಎಂದು ಕಳಿಸಿದರು. ಅಷ್ಟರಲ್ಲಿ ಸಾಹೇಬರು ಒಳಗೆ ಮಂತ್ರಿಗಳ ಹತ್ತಿರ ಹೋಗಿದ್ದರು. ಬಾಗಿಲ ಬಳಿಯ ಪೊಲೀಸ, ಮುಂಜಾನೆ ಬರ್ರಿ ಎಂದ.

ಆ ರಾತ್ರಿ ತೊರವಿಯಲ್ಲಿ ಅತ್ತೆಯ ಮನೆಯಲ್ಲಿ ಉಳಿದೆವು. ಬೆಳಕು ಹರಿಯುವ ಮುಂಚೆಯೇ ಎದ್ದು ಬಂಗಲೆಗೆ ಬಂದು ನಿಂತೆವು. ಪಿ.ಎ. ಸಾಹೇಬರು ಸಿಕ್ಕರು. ಈ ಸಲ ಅಪ್ಪ ವಿಷಯ ಹೇಳಿದ, ಎಡವುತ್ತ, ಆದರೆ ಹೇಳಿದ. ಅವರು ಕೇಳಿಸಿಕೊಂಡು ತಮ್ಮ ಹತ್ತಿರದ ಪಟ್ಟಿಯ ಪ್ರತಿ ತೆಗೆದು ನೋಡಿದರು. ಕೆಲಸದ ವಿಷಯ ಇದ್ದವರಿಗೆಲ್ಲ ಒಳಗಿನ ಕೋಣೆಯಲ್ಲಿ ಹೊತ್ತು ಗೊತ್ತಾಗಿದೆ, ಪಟ್ಟಿ ಟೈಪಾಗಿ ಮಂತ್ರಿಗಳ ಕೈ ಸೇರಿದೆ, ನಿಮ್ಮದು ಹೊರಡುವ ಮುಂದೆ ವರಾಂಡದಲ್ಲಿ, ಹಾರದವರ ಜೊತೆ. ಹಾಗೆಂದು ವಿವರಿಸಿದರು.

"ನಿನ್ನೆ ಒಂದು ಮಾತು ಹೇಳಿದ್ರೆ ಮೊದಲನೇ ಹೊತ್ತೇ ನಿಮಗೆ ಕೊಡ್ತಿದ್ದೆನಲ್ಲ ಯಜಮಾನ್ರೇ. ಯಾವಾಗಾದ್ರೂ ಆಗುತ್ತೆ ಅಂದ್ರಿ. ಹಾಗನ್ನೋರನ್ನ ಕೊನೆಗೇ ಹಾಕೋದು."

ಅವರಿಗೂ ಸಂಕಟವಾಗಿತ್ತು. ಅದು ಕಾಣಿಸುತ್ತಿತ್ತು. ತಮ್ಮ ಪಟ್ಟಿಯ ಅಂಚಿನಲ್ಲಿ ಎಂಟನೆಯ ತರಗತಿ ಎಂದು ಬರೆದುಕೊಂಡು, ಯಾರಾದರೂ ಬರದೆ ಹೋದರೆ ಕರೆಯುತ್ತೇನೆ, ದೂರ ಹೋಗಬೇಡಿ ಎಂದರು.

ನಾವು ಮೆಟ್ಟಿಲಿನ ಬುಡದಲ್ಲಿ ನಿಂತೆವು. ನೀರು ಕುಡಿಯಲೂ ಹೋಗಲಿಲ್ಲ. ಹತ್ತಿಯ ವ್ಯಾಪಾರಿಗಳು ಒಳಗೆ ಹೋಗಿ ನಗುತ್ತ ಬಂದರು. ಬಬಲೇಶ್ವರದವರು ರಸ್ತೆಯ ವಿಷಯ ಇಟ್ಟುಕೊಂಡು ಹೋದರು. ಹೊನವಾಡದವರೂ ಹೋದರು, ಅವರ ಧ್ವನಿ ಹೊರಗಿನವರೆಗೂ ಕೇಳಿಸುತ್ತಿತ್ತು. ನಡುವೆ ಒಂದು ಹೊತ್ತು ನಿಜವಾಗಿಯೂ ಖಾಲಿಯಾಯಿತು. ಸಾಹೇಬರು ಬಾಗಿಲಿಗೆ ಬಂದು ನಮ್ಮತ್ತ ಕೈ ಎತ್ತಿದರು. ಅಪ್ಪ ಒಂದು ಮೆಟ್ಟಿಲು ಹತ್ತಿದ. ಆಗಲೇ ಜೀಪು ಬಂದು ನಿಂತು, ಜಿಲ್ಲೆಯ ದೊಡ್ಡ ಅಧಿಕಾರಿ ಫೈಲುಗಳೊಂದಿಗೆ ದಡದಡ ಒಳಗೆ ಹೋದರು. ಎತ್ತಿದ ಕೈ ಕೆಳಗಿಳಿಯಿತು. ಅಪ್ಪನೂ ಮೆಟ್ಟಿಲು ಇಳಿದ. ನನಗೆ ಅಳಬೇಕೆನಿಸಿತು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೊತ್ತು ನೆತ್ತಿಗೇರಿದಾಗ ಮಂತ್ರಿಗಳು ವರಾಂಡಕ್ಕೆ ಬಂದರು. ಕಾರು ಗುರುಗುಡುತ್ತಿತ್ತು. ಹಾರದವರ ಸಾಲಿನ ಕೊನೆಗೆ ನಾವು. ಗೇಟಿನಾಚೆ ಮಾಸ್ತರರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಮ್ಮ ಸರದಿ ಬಂದಾಗ ಪಿ.ಎ. ಸಾಹೇಬರು ಬಾಗಿ ಮಂತ್ರಿಗಳ ಕಿವಿಯಲ್ಲಿ ಏನೋ ಹೇಳಿದರು. ಪುಣ್ಯಾತ್ಮ, ಕೊನೆಗೂ ಎರಡನೆಯ ಸಲ ಕೇಳಿಸುವ ವ್ಯವಸ್ಥೆ ಮಾಡಿದ್ದ. ಮಂತ್ರಿಗಳು ನಿಂತರು. ಅಪ್ಪನ ಹೆಗಲ ಮೇಲೆ ಕೈ ಇಟ್ಟರು.

"ಏನಪ್ಪಾ, ಏನೋ ಹೇಳೋದಿದೆಯಂತಲ್ಲ?"

ಸುತ್ತ ಅಷ್ಟು ಮಂದಿ. ಅಧಿಕಾರಿಗಳು, ಪೊಲೀಸರು, ಹೆಗಲ ಮೇಲೆ ರಾಜ್ಯವಾಳುವ ಕೈ. ಅಪ್ಪನ ಕೈ ಒಳಕಿಸೆಯ ಕಡೆ ಹೋಯಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ.

"ಏನಿಲ್ರಿ ಸಾಹೇಬ್ರ," ಎಂದ ಅಪ್ಪ, "ಸಹಜ ದರ್ಶನಕ್ಕ ಬಂದಿದ್ವಿ."

ಮಂತ್ರಿಗಳು ನಕ್ಕು, ನನ್ನ ತಲೆ ಸವರಿ, ಕಾರು ಹತ್ತಿದರು. ಅರ್ಜಿ ಇನ್ನೂ ಒಳಕಿಸೆಯಲ್ಲೇ ಇತ್ತು. ಪಿ.ಎ. ಸಾಹೇಬರೇ ಕೈ ಚಾಚಿ ಅದನ್ನು ಕೇಳಿ ಇಸಿದುಕೊಂಡು, ಉಳಿದ ಅರ್ಜಿಗಳ ಕಟ್ಟಿಗೆ ಸೇರಿಸಿದರು. ಇದು ಬೆಂಗಳೂರಿಗೆ ಹೋಗಿ, ಇಲಾಖೆಗೆ ಹೋಗಿ, ವರದಿಗೆಂದು ತಿರುಗಿ ಇಲ್ಲಿಗೇ ಬರುತ್ತದೆ, ತಡವಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹಿಂದಿನ ಕಾರಿಗೆ ಓಡಿದರು.

ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಊರು ಹತ್ತಿರ ಬಂದಾಗ, "ಇನ್ನೊಮ್ಮೆ ಕೇಳಿದ್ರ ಹೇಳ್ತಿದ್ದೆ ಯವ್ವಾ" ಅಂದ. ನನಗೆ ಗೊತ್ತಿತ್ತು. ಇನ್ನೊಮ್ಮೆ ಕೇಳಿದ್ದರೆ ಅವನು ಹೇಳಿಯೇ ಹೇಳುತ್ತಿದ್ದ.

ಜೂನ್ ಬಂತು. ಸಾಲಿ ಏಳನೆಯ ಇಯತ್ತೆಯವರೆಗೇ ತೆರೆಯಿತು. ಹೊಸ ಖೋಲಿಯಲ್ಲಿ ಪಂಚಾಯಿತಿಯವರು ಬೀಜದ ಚೀಲ ಇಟ್ಟರು. ಮಳೆಗಾಲದಲ್ಲಿ ಬೆಂಗಳೂರಿನಿಂದ, ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಮಾಸ್ತರರು ಅದನ್ನು ಅಪ್ಪನಿಗೆ ಓದಿ ಹೇಳುವಾಗ ನಾನು ಅಂಗಳದಲ್ಲಿ ಜೋಳ ಕೇರುತ್ತಿದ್ದೆ.

ದಸರೆಯ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ ಟಿಕೋಟಾದ ಕಡೆಯಿಂದ ಮೂವರು ಹಿರಿಯರು ಬಂದರು. ಹೊಸ ರುಮಾಲು, ಕೆನ್ನೆಯವರೆಗಿನ ಕಲ್ಲಿಮೀಸೆ. ಅವ್ವ ಕಾಲಿಗೆ ನೀರು ಕೊಟ್ಟಳು. ಚಹಾ ಆಯಿತು. ಮಳೆಯ ಮಾತು, ಬೆಳೆಯ ಮಾತು ಮುಗಿದವು. ಅಡಿಗೆಮನೆಯ ಬಾಗಿಲ ಸಂದಿಯಿಂದ ನನಗೆಲ್ಲ ಕೇಳಿಸುತ್ತಿತ್ತು. ಈ ಕಡೆ ಏನು ಬಂದಿರಿ ಎಂದು ಅಪ್ಪ ಪದ್ಧತಿಯಂತೆ ಕೇಳಿದ.

"ಏನಿಲ್ರಿ," ಎಂದರು ಅವರಲ್ಲಿ ದೊಡ್ಡವರು, "ಸಹಜ ಬಂದೀವ್ರಿ."

ಅಪ್ಪ ಎರಡನೆಯ ಸಲ ಕೇಳಲೇ ಇಲ್ಲ. ಎದ್ದು ಒಳಗೆ ಬಂದ. ನನ್ನ ಮುಖ ನೋಡದೆ, ಒಲೆಯ ಕಡೆ ನೋಡುತ್ತ, "ಸೀರಿ ಉಟಗೋ ಯವ್ವಾ" ಅಂದ.