ಕಿಟಕಿಯಲ್ಲಿ ಕಾಣದ ಹನ್ನೆರಡು ಸೆಕೆಂಡು

ರೈಲಿನಲ್ಲಿ ಕೂತಾಗ ಎದುರಿನಿಂದ ಇನ್ನೊಂದು ಗಾಡಿ ಬಂದರೆ ಸಾಕು, ನಾನು ಎಣಿಸತೊಡಗುತ್ತೇನೆ. ಧಡಧಡ ಸದ್ದು, ಕಿಟಕಿಯಲ್ಲಿ ಗಾಳಿ, ಓಡುವ ಮುಖಗಳು. ಅವುಗಳಲ್ಲಿ ಒಂದು ಅವಳದು ಅನಿಸುತ್ತದೆ. ಆಕೆ ಬೆರಳು ಮಡಚುತ್ತ ಎಣಿಸುತ್ತಿರುತ್ತಾಳೆ. ಗಾಡಿ ಹೋದಮೇಲೂ ನಾನು ಎಣಿಸುತ್ತಲೇ ಇರುತ್ತೇನೆ. ಪಕ್ಕದಲ್ಲಿ ಕೂತ ಹೆಂಡತಿ, "ಮತ್ತ ಶುರು ಆತೇನ್ರಿ?" ಅಂತಾಳೆ.

ಕೊಪ್ಪಳದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಗಣಿತ ಹೇಳಿಕೊಡುವುದು ನನ್ನ ಕಸುಬು. ಅಂಗಡಿಗಳ ಮೇಲಿನ ಒಂದು ಕೋಣೆ, ತಗಡಿನ ಚಾವಣಿ, ಎಪ್ಪತ್ತು ಜನ. ಅಷ್ಟು ಜನರನ್ನು ಮಧ್ಯಾಹ್ನದ ಬಿಸಿಲಲ್ಲಿ ಎಚ್ಚರವಾಗಿಡಬೇಕಾದರೆ ನಗಿಸಬೇಕು. ನಗಿಸುವುದು ನನಗೆ ಭಾಳ ಚೆನ್ನಾಗಿ ಬರುತ್ತಿತ್ತು. ನನ್ನ ಪಾಠಕ್ಕಿಂತ ನನ್ನ ನಾಲಿಗೆಗೇ ಹೆಸರಿತ್ತು ಎಂದರೂ ಸುಳ್ಳಲ್ಲ.

ಆ ಎಪ್ಪತ್ತು ಜನರಲ್ಲಿ ಆಕೆಯೂ ಒಬ್ಬಳು, ಯಲಬುರ್ಗಾ ಕಡೆಯವಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವಳು. ರಜೆಯ ದಿನ ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದಳು. ಉಳಿದವರೆಲ್ಲ ಇಪ್ಪತ್ತರ ಆಚೀಚೆ, ಆಕೆಗೆ ಮೂವತ್ತು ದಾಟಿತ್ತು. ರೈಲ್ವೆ ಪರೀಕ್ಷೆಗೆ ಕೂರಲು ಅದೇ ಕಡೆಯ ವರ್ಷ. ಸೇರುವಾಗಲೇ ಹೇಳಿದ್ದಳು: "ಈ ಸಲ ಆಗಲಿಲ್ಲಂದ್ರ ಮುಂದ ವಯಸ್ಸು ಮುಗೀತದರಿ ಸರ್."

ಒಂದು ದಿನ ಹಲಗೆಯ ಮೇಲೆ ಲೆಕ್ಕ ಬರೆದೆ. ನೂರಾ ಎಂಬತ್ತು ಮೀಟರಿನ ಒಂದು ರೈಲು, ನೂರಾ ಇಪ್ಪತ್ತು ಮೀಟರಿನ ಇನ್ನೊಂದು. ವೇಗ ಗಂಟೆಗೆ ಅರವತ್ತು ಮತ್ತು ನಲವತ್ತೆಂಟು ಕಿಲೋಮೀಟರ್. ಎದುರಾಬದುರು ಬಂದರೆ ಪೂರ್ತಿ ಕ್ರಾಸ್ ಆಗಲು ಎಷ್ಟು ಹೊತ್ತು? ಉದ್ದ ಎರಡನ್ನೂ ಕೂಡಿಸಿದರೆ ಮುನ್ನೂರು ಮೀಟರ್. ಎದುರು ದಿಕ್ಕು ಆದ್ದರಿಂದ ವೇಗವನ್ನೂ ಕೂಡಿಸಬೇಕು: ನೂರಾ ಎಂಟು, ಅಂದರೆ ಸೆಕೆಂಡಿಗೆ ಮೂವತ್ತು ಮೀಟರ್. ಮುನ್ನೂರನ್ನು ಮೂವತ್ತರಿಂದ ಭಾಗಿಸಿದರೆ ಹತ್ತು ಸೆಕೆಂಡು.

ಆಕೆ ಹದಿನೆಂಟು ಬರೆದಿದ್ದಳು. ನೋಡಿದರೆ ಅರವತ್ತರ ವೇಗವನ್ನಷ್ಟೇ ಹಿಡಿದಿದ್ದಾಳೆ, ಎರಡನೆಯ ರೈಲು ನಿಂತಲ್ಲೇ ನಿಂತಿದೆ.

"ಯಾಕ ತಂಗಿ, ನಿನ್ನ ಗಾಡಿ ಯಾಕ ನಿಂತೈತಿ?"

"ಕ್ರಾಸಿಂಗ್ ಅಂದ್ರ ಒಂದು ನಿಂದರಬೇಕಲ್ರಿ ಸರ್?"

ಆಕೆಯ ಮಾತಿನಲ್ಲಿ ತಪ್ಪೇನಿತ್ತು? ಒಂದೇ ಹಳಿ ಇದ್ದ ಕಾಲದಲ್ಲಿ ನಮ್ಮ ಕಡೆಯ ಸಣ್ಣ ಸ್ಟೇಷನ್ನುಗಳಲ್ಲಿ ಗಾಡಿ ನಿಂತಿತೆಂದರೆ "ಕ್ರಾಸಿಂಗ್ ಐತಿ" ಅಂತಲೇ ಎಲ್ಲರೂ ಹೇಳುತ್ತಿದ್ದರು. ಒಂದು ಪಕ್ಕದ ಹಳಿಯಲ್ಲಿ ಕಾಯಬೇಕು, ಇನ್ನೊಂದು ದಾಟಿ ಹೋಗಬೇಕು. ಆಕೆಯ ಊರಿನ ದಾರಿಯಲ್ಲಿ ಬಸ್ಸುಗಳೂ ಹಾಗೆಯೇ ಮಾಡುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, "ಡ್ರೈವರ್ ಚಾ ಕುಡಿಯಾಕ ಇಳಿದಾನೇನು?" ಎಂದುಬಿಟ್ಟೆ. ಎಪ್ಪತ್ತು ಜನ ಬಿದ್ದುಬಿದ್ದು ನಕ್ಕರು. ಅವತ್ತಿನಿಂದ ಆಕೆಗೆ ಕ್ರಾಸಿಂಗ್ ಅಂತಲೇ ಹೆಸರಾಯಿತು. ಹಾಳು ನಾಲಿಗೆ!

ಆಮೇಲೆ ಆಕೆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ತಿಂಗಳಾದ ಮೇಲೆ ಒಂದು ಮುಂಜಾನೆ ಮಾತ್ರ, ಯಾರೂ ಬರುವ ಮೊದಲೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ನೋಟ್‌ಬುಕ್, ಹಾಳೆಗಳ ನಡುವೆ ಬೆರಳು. ಏನೋ ಕೇಳಬೇಕಾಗಿತ್ತು. ನಾನು ಹಲಗೆ ಒರೆಸುತ್ತಿದ್ದೆ.

"ಏನವ್ವ, ಇನ್ನೂ ನಿಂತೈತೇನು ನಿನ್ನ ಗಾಡಿ?" ಎಂದೆ.

ಸಲಿಗೆಯಿಂದ ಅಂದದ್ದು, ದೇವರಾಣೆಗೂ. ಆಕೆ ಸಣ್ಣಗೆ ನಕ್ಕಳು. ಬೆರಳು ತೆಗೆದಳು, ನೋಟ್‌ಬುಕ್ ಮುಚ್ಚಿದಳು. "ಏನಿಲ್ರಿ ಸರ್" ಎಂದು ತನ್ನ ಜಾಗಕ್ಕೆ ಹೋಗಿ ಕುಳಿತಳು.

ಪರೀಕ್ಷೆ ಆಯಿತು. ರೈಲ್ವೆಯವರು ಅವರವರ ಉತ್ತರಗಳ ಜೊತೆ ಸರಿಯುತ್ತರಗಳನ್ನು ಪ್ರಕಟಿಸಿದಾಗ ಎಲ್ಲರೂ ಫೋನು ಹಿಡಿದು ನನ್ನ ಬಳಿ ಬಂದರು. ಆಕೆಯೂ ಬಂದಳು. ಒಂದೊಂದೇ ಪ್ರಶ್ನೆ ನೋಡುತ್ತ ಹೋದೆ. ಒಂದು ಕಡೆ ಕೈ ನಿಂತಿತು. ಎರಡು ರೈಲು, ಎದುರು ದಿಕ್ಕು. ಆದರೆ ಕೇಳಿದ್ದು ಬೇರೆ: ಒಂದರ ಕಿಟಕಿಯಲ್ಲಿ ಕುಳಿತ ಪ್ರಯಾಣಿಕನನ್ನು ಇನ್ನೊಂದು ರೈಲು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ? ಅಲ್ಲಿ ಎದುರಿನ ರೈಲಿನ ಉದ್ದವೊಂದೇ ಲೆಕ್ಕಕ್ಕೆ. ತಾನು ಕುಳಿತ ರೈಲಿನ ಉದ್ದ ಬೇಕಿಲ್ಲ. ಆಕೆ ನಾನು ಕಲಿಸಿದಂತೆ ಎರಡನ್ನೂ ಕೂಡಿಸಿದ್ದಳು. ಆ ಬಗೆಯನ್ನು ಮುಂದೆ ಹೇಳಿದರಾಯಿತು ಎಂದು ನಾನೇ ಬಿಟ್ಟಿದ್ದೆ.

ಫಲಿತಾಂಶ ಬಂತು. ಆಕೆಗೆ ಒಂದೇ ಒಂದು ಅಂಕ ಕಡಿಮೆ.

ಮುಂದೆ ಹೊಸ ಬ್ಯಾಚಿಗೆ ಕೋಣೆ ಗುಡಿಸುವಾಗ ಬೆಂಚಿನ ಕೆಳಗೆ ಆಕೆಯ ನೋಟ್‌ಬುಕ್ ಸಿಕ್ಕಿತು. ತಿರುವುತ್ತ ಹೋದೆ. ಒಂದು ಹಾಳೆಯಲ್ಲಿ ರೈಲಿನ ಚಿತ್ರ, ನಡುವಿನ ಬೋಗಿಯ ಕಿಟಕಿಯಲ್ಲಿ ಒಂದು ಚುಕ್ಕೆ. ಕೆಳಗೆ ದುಂಡನೆಯ ಅಕ್ಷರ: "ನಿನ್ನೆ ಹುಬ್ಬಳ್ಳಿಗೆ ಹೋದೆ. ಎದುರಿನ ಗಾಡಿ ಬಂತು, ಎರಡೂ ನಿಲ್ಲಲಿಲ್ಲ. ಸರ್ ಹೇಳಿದ್ದು ಖರೆ. ಎರಡೂ ಗಾಡಿ ಒಂದೊಂದು ಸುಮಾರು ನಾನೂರಾ ಎಂಬತ್ತು ಮೀಟರ್. ಪಕ್ಕದವರ ಫೋನಿನಲ್ಲಿ ವೇಗ ಎಪ್ಪತ್ತೆರಡು ತೋರಿಸುತ್ತಿತ್ತು. ಎದುರಿನ ಗಾಡಿಗೂ ಅಷ್ಟೇ ಹಿಡಿದರೆ ಇಪ್ಪತ್ತನಾಲ್ಕು ಸೆಕೆಂಡು ಬರಬೇಕು. ನಾನು ಎಣಿಸಿದ್ದು ಹನ್ನೆರಡು. ಉಳಿದ ಹನ್ನೆರಡು ಎಲ್ಲಿ ಹೋದವು? ಸರ್‌ನ ಕೇಳಬೇಕು."

ಗುಡಿಸುವುದನ್ನು ಬಿಟ್ಟು ಬೆಂಚಿನ ಮೇಲೆ ಕುಳಿತುಬಿಟ್ಟೆ. ಆ ಮುಂಜಾನೆ ಆಕೆಯ ಬೆರಳು ಇದ್ದದ್ದು ಈ ಹಾಳೆಯಲ್ಲಿ. ಪರೀಕ್ಷೆಯಲ್ಲಿ ಬಂದದ್ದೂ ಇದೇ ಪ್ರಶ್ನೆ. ಅಂದಿನಿಂದ ಆ ಹನ್ನೆರಡು ಸೆಕೆಂಡು ನನ್ನ ಬೆನ್ನು ಬಿಟ್ಟಿಲ್ಲ. ಪಾಠದ ನಡುವೆ ಬಾಗಿಲ ಕಡೆ ನೋಡುತ್ತೇನೆ, ಯಾರೋ ನಿಂತಂತಾಗುತ್ತದೆ. ಯಾರೂ ಇರುವುದಿಲ್ಲ.

ತಾಳಲಾರದೆ ಒಂದು ದಿನ ನೋಟ್‌ಬುಕ್ ಹಿಡಿದು ಯಲಬುರ್ಗಾ ಬಸ್ಸು ಹತ್ತಿದೆ. ಕೇಳುತ್ತ ಹೋದರೆ, ಆಕೆ ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಪರೀಕ್ಷೆಯ ಅರ್ಜಿಗಳನ್ನು ತುಂಬುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಬರ್ರಿ ಸರ್, ಕುಂದರ್ರಿ. ಚಾ ತರಸ್ತೀನಿ."

ಚಹಾ ಬೇಡವೆಂದೆ. ಆ ಹಾಳೆ ತೆರೆದು ಪೆನ್ನು ತೆಗೆದೆ. "ನೀ ನಡುವಿನ ಬೋಗಿಯಾಗ ಕುಂತಿದ್ದಿ. ಎಂಜಿನ್‌ಗೆ ಎಂಜಿನ್ ಎದುರಾದ ಕೂಡಲೇ ಕ್ರಾಸಿಂಗ್ ಶುರು ಆಕ್ಕೈತಿ. ಆ ಎಂಜಿನ್ ನಿನ್ನ ಕಿಟಕಿಗೆ ಬರಾಕ ಆರು ಸೆಕೆಂಡು. ನಿನ್ನ ಮುಂದ ಹಾದು ಹೋಗಾಕ ಹನ್ನೆರಡು, ಅದು ನೀ ಎಣಿಸಿದ್ದು. ಅದು ನಿನ್ನ ಕಿಟಕಿ ಬಿಟ್ಟಮ್ಯಾಲೂ ನಿನ್ನ ಗಾಡಿಯ ಹಿಂದಿನ ಅರ್ಧ ಇನ್ನೂ ದಾಟೂದು ಇರತೈತಿ. ಅದಕ್ಕ ಮತ್ತ ಆರು. ಮೊದಲ ಆರು, ಆಮ್ಯಾಲ ಆರು. ಅವ ನಿನ್ನ ಹನ್ನೆರಡು."

ಆಕೆ ಚಿತ್ರದ ಮೇಲೆ ಬೆರಳಿಟ್ಟು ಎಂಜಿನ್ನಿನಿಂದ ಕಡೆಯ ಬೋಗಿಯ ತನಕ ಮೆಲ್ಲಗೆ ಎಳೆದಳು. ಮುಖ ಒಂದು ಕ್ಷಣ ಅರಳಿತು.

"ತಪ್ಪಾತು ತಂಗಿ," ಎಂದೆ. "ಅವತ್ತು ನಾ ಹಂಗ ಹಾಸ್ಯ ಮಾಡಬಾರದಿತ್ತು."

"ಇಷ್ಟೇನ್ರಿ ಸರ್?" ಎಂದಳು, ಇನ್ನೂ ಹಾಳೆಯನ್ನೇ ನೋಡುತ್ತ. "ಎರಡು ನಿಮಿಷ ಸೈತ ಹಿಡೀಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟು, ಕಂಪ್ಯೂಟರಿನ ಕಡೆ ತಿರುಗಿ, ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗಿಯನ್ನು ಕೇಳಿದಳು:

"ನಿನ್ನ ಹುಟ್ಟಿದ ತಾರೀಖು ಹೇಳವ್ವ."