ಹಳೇ ವಿಳಾಸಕ್ಕೆ ಹೋದ ಫಾರಂ

ಚಂದ್ರಶೇಖರಪ್ಪ ಪ್ರಿಂಟ್ ಗುಂಡಿ ಒತ್ತಿದರು. ಏನೂ ಬರಲಿಲ್ಲ. ಮತ್ತೊಮ್ಮೆ ಒತ್ತಿದರು. ಯಂತ್ರಕ್ಕೆ ಕಿವಿ ಮಂದವಿರಬಹುದು ಎಂದುಕೊಂಡು ಮತ್ತೂ ನಾಲ್ಕಾರು ಸಲ ಒತ್ತಿದ ಮೇಲೆ ಪ್ರಿಂಟರಿನ ಸ್ವಿಚ್ಚೇ ಹಾಕಿಲ್ಲ ಎಂಬುದು ಕಣ್ಣಿಗೆ ಬಿತ್ತು. ಹಾಕಿದರು. ಕರಕರ ಸದ್ದು ಮಾಡುತ್ತ ಕಾಗದ ಮೇಜಿನಿಂದ ಇಳಿಯಿತು, ನೆಲದ ಮೇಲೆ ಹರಿಯಿತು, ಬೆಂಗಳೂರಿನ ಹೆಡ್ಡಾಫೀಸಿನಿಂದ ಬಂದಿದ್ದ ಅತಿಥಿಗಳ ಎದುರಿನಲ್ಲೇ ಮ್ಯಾನೇಜರ್ ಸಂಗಮೇಶನ ಬೂಟಿನ ಮೇಲೆ ಸುರುಳಿ ಸುತ್ತಿಕೊಂಡಿತು. ಉದ್ದಕ್ಕೂ ಒಂದೇ ಪತ್ರ, ಮತ್ತೆ ಮತ್ತೆ.

"ಏನ್ರೀ ಇದು, ಆ ಹುಡುಗ ಒಂದ್ಸಲ ಬರದ್ರೆ ನೀವು ಹತ್ತು ಸಲ ಬರಸ್ಕೋತೀರಲ್ಲ!" ಎಂದ ಸಂಗಮೇಶ. ಅತಿಥಿಗಳು ನಕ್ಕರು. ಚಂದ್ರಶೇಖರಪ್ಪನವರೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಅದು ತೊಂಬತ್ತೊಂಬತ್ತನೇ ಇಸವಿಯ ಜುಲೈ. ಸೊರಬ ತಾಲ್ಲೂಕಿನ ಉದ್ದಗಲಕ್ಕೂ ವಿದ್ಯುತ್ ಗೋಪುರ ನಿಲ್ಲಿಸುವ ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪನಿಯೊಂದು ಶಿಕಾರಿಪುರದಲ್ಲಿ ಪ್ರಾಜೆಕ್ಟ್ ಆಫೀಸು ತೆರೆದಿತ್ತು. ನೌಕರರ ವ್ಯವಹಾರ ನೋಡುವ ಅದರ ಪರ್ಸೊನೆಲ್ ಸೆಕ್ಷನ್ನಿಗೆ ಆ ವರ್ಷವಷ್ಟೇ 'ಹ್ಯೂಮನ್ ರಿಸೋರ್ಸಸ್ ಟೀಮ್' ಎಂದು ಹೊಸ ಬೋರ್ಡು ಬಂದಿತ್ತು. ಟೀಮ್ ಎಂದರೆ ಸಂಗಮೇಶ ಮತ್ತು ಚಂದ್ರಶೇಖರಪ್ಪ. ಕೆಲಸ ಎಂದರೆ ಚಂದ್ರಶೇಖರಪ್ಪ.

ದಾವಣಗೆರೆಯ ಮಿಲ್ಲೊಂದರಲ್ಲಿ ಅರ್ಧ ಆಯುಸ್ಸು ಸವೆಸಿ, ಅದು ಮುಚ್ಚಿದ ಮೇಲೆ ಹುಟ್ಟೂರಿಗೆ ಮರಳಿದ ಮನುಷ್ಯ. ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಕಾಗದ ಎಂದರೆ ಅವರಿಗೆ ಸಹಿ ಇರಬೇಕು, ನಂಬರ್ ಇರಬೇಕು, ಟಪಾಲಿನಲ್ಲಿ ಹೋಗಬೇಕು. ಇ-ಮೇಲ್ ಎಂಬುದು ಅವರ ಲೆಕ್ಕದಲ್ಲಿ ಯಾರೋ ಬೀದಿಯಲ್ಲಿ ನಿಂತು ಕೂಗಿದ ಹಾಗೆ. ಕೇಳಿಸುತ್ತದೆ ನಿಜ, ಆದರೆ ಕೂಗಿದವರು ಯಾರು ಎಂಬುದಕ್ಕೆ ಸಾಕ್ಷಿ ಎಲ್ಲಿದೆ?

ಪತ್ರ ಬರೆದವನು ರಿಹಾನ್. ಹೊಸಪೇಟೆಯ ಪ್ರಾಜೆಕ್ಟಿನಿಂದ ವರ್ಗವಾಗಿ ಸೊರಬದ ಸೈಟಿಗೆ ಹದಿನೈದು ದಿನದ ಹಿಂದಷ್ಟೇ ಬಂದಿದ್ದ ಎಂಜಿನಿಯರು. ಮದುವೆಯಾಗಿರಲಿಲ್ಲ. ತಾಯಿ ಅಫ್ಸರ್ ಬೇಗಂ ಜೊತೆಗಿದ್ದರು. ಮೊದಲು ಫೋನು ಮಾಡಿ ಕೇಳಿದ್ದ. ಸಂಗಮೇಶ, "ಮೇಲ್ ಹಾಕಪ್ಪ, ಈಗ ಎಲ್ಲಾ ಮೇಲಲ್ಲೇ ಆಗ್ಬೇಕಂತ ಹೆಡ್ಡಾಫೀಸ್ ಆರ್ಡರ್ರು" ಎಂದಿದ್ದ. ಹಾಗಾಗಿ ಬರೆದಿದ್ದ. ಇಂಗ್ಲಿಷಿನ ಆ ಪತ್ರದಲ್ಲಿ ಎರಡೇ ಪ್ರಶ್ನೆ. ಇಲ್ಲಿಯ ಪ್ರಾಜೆಕ್ಟಿನ ಗುಂಪು ಆರೋಗ್ಯ ವಿಮೆಯಲ್ಲಿ ತನ್ನ ಹೆಸರು ಸೇರಿದೆಯೆ? ಹೊಸಪೇಟೆಯಲ್ಲಿ ತಾಯಿಗೆ ತನ್ನ ಸಂಬಳದಿಂದಲೇ ಮಾಡಿಸಿದ್ದ ಪೂರಕ ವಿಮೆಯನ್ನು ಇಲ್ಲಿ ಮುಂದುವರಿಸಲು ಏನು ಮಾಡಬೇಕು?

ಪ್ರಶ್ನೆ ಸರಿಯಾದದ್ದೇ. ಪ್ರಾಜೆಕ್ಟಿಗೊಂದು ಪಾಲಿಸಿ ಇತ್ತು. ವರ್ಗವಾದೊಡನೆ ಹೊಸಪೇಟೆಯವರು ಮಗನ ಹೆಸರನ್ನೂ ತಾಯಿಯ ಹೆಸರನ್ನೂ ತೆಗೆದುಹಾಕಿದ್ದರು. ನೌಕರನ ಹೆಸರು ಇಲ್ಲಿಯ ಪಾಲಿಸಿಗೆ ತಾನಾಗಿ ಸೇರುತ್ತದೆ. ತಂದೆತಾಯಿಯ ಹೆಸರು ಸೇರುವುದಿಲ್ಲ. ಅದಕ್ಕೆ ಬೇರೆ ಫಾರಂ, ನೌಕರನ ಸಹಿ, ಸಂಬಳದಲ್ಲಿ ಕಂತು ಮುರಿದುಕೊಳ್ಳಲು ಒಪ್ಪಿಗೆ ಬೇಕು. ಬಂದು ಮೂವತ್ತು ದಿನದೊಳಗೆ ಕೊಡಬೇಕು. ತಪ್ಪಿದರೆ ಪಾಲಿಸಿ ನವೀಕರಣವಾಗುವ ಡಿಸೆಂಬರಿನವರೆಗೆ ಬಾಗಿಲು ಬಂದ್.

ಇದೆಲ್ಲ ಚಂದ್ರಶೇಖರಪ್ಪನವರಿಗೆ ಬಾಯಿಪಾಠ. ಅದೇ ಮಧ್ಯಾಹ್ನ ಲೆಟರ್‌ಹೆಡ್ಡಿನ ಮೇಲೆ ಚಂದದ ಉತ್ತರ ಬರೆದರು, ಫಾರಂ ಲಗತ್ತಿಸಿದರು.

"ಮೇಲಲ್ಲೇ ಉತ್ತರ ಕೊಟ್ಟು, ಫಾರಂ ಸೈಟಿನ ಜೀಪಲ್ಲಿ ಕಳಿಸ್ರೀ" ಎಂದ ಸಂಗಮೇಶ.

"ಸಹಿ ಇಲ್ದ ಕಾಗದ ಸಾರ್ ಅದು. ಯಾರು ಬರದಾರೋ ಏನೋ. ಸರ್ವೀಸ್ ಫೈಲಿನಾಗೆ ಇರೋ ವಿಳಾಸಕ್ಕೆ ರಿಜಿಸ್ಟರ್ಡ್ ಮಾಡಿದ್ರೆ ಖರೇ ಮನುಷ್ಯನಿಗೇ ಸಿಗ್ತದೆ."

ಸಂಗಮೇಶನಿಗೆ ಅತಿಥಿಗಳ ಊಟದ ಚಿಂತೆ. "ಏನಾದ್ರೂ ಮಾಡ್ರೀ" ಎಂದು ಹೊರಟ.

ಸರ್ವೀಸ್ ಫೈಲು ಹೊಸಪೇಟೆಯಿಂದ ಬಂದದ್ದು. ಅದರಲ್ಲಿದ್ದ ವಿಳಾಸ ಹೊಸಪೇಟೆಯ ಬಾಡಿಗೆ ಮನೆಯದು. ಸೊರಬದ ಹೊಸ ವಿಳಾಸ ಬರೆದು ರಿಹಾನನೇ ಸಹಿ ಹಾಕಿ ಕೊಟ್ಟಿದ್ದ ಚೀಟಿಯೂ ಆಫೀಸಿನಲ್ಲೇ ಇತ್ತು, ಚಂದ್ರಶೇಖರಪ್ಪನವರ ಮೇಜಿನ ಮೇಲೆ, ಶನಿವಾರ ಫೈಲಿಗೆ ಸೇರಿಸಲೆಂದು ಕಟ್ಟಿಟ್ಟ ಕಾಗದಗಳ ನಡುವೆ. ಆ ಕಟ್ಟಿನ ಮೇಲೆ ಅವರು ತಮ್ಮ ಊಟದ ಡಬ್ಬಿ ಇಡುತ್ತಿದ್ದರು. ಹಿಂದಿನ ಶನಿವಾರ ಕರೆಂಟಿರಲಿಲ್ಲ. ಅದರ ಹಿಂದಿನ ಶನಿವಾರ ನೆಂಟರ ಮನೆಯ ಮದುವೆ.

ವಾರದ ನಂತರ ರಿಹಾನನ ಫೋನು ಬಂತು.

"ಸಾರ್, ಅಮ್ಮಿದು ಫಾರಂ?"

"ಅವತ್ತೇ ಕಳಿಸೀನಲ್ರೀ! ರಿಜಿಸ್ಟರ್ಡ್!"

"ಹೌದಾ ಸಾರ್? ಮಳೆ ಅಲ್ವಾ, ಪೋಸ್ಟು ಲೇಟಾಗಿರ್ಬೇಕು. ಥ್ಯಾಂಕ್ಸ್ ಸಾರ್."

ಎಲ್ಲಿಗೆ ಕಳಿಸಿದಿರಿ ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಇಬ್ಬರೂ ನೆಮ್ಮದಿಯಿಂದ ಫೋನಿಟ್ಟರು.

ಆಗಸ್ಟಿನ ಮೊದಲ ವಾರ ಮತ್ತೆ ಫೋನು. ಈ ಸಲ ದನಿ ಬೇರೆ ಇತ್ತು.

"ಅಮ್ಮಿ ಬಚ್ಚಲಲ್ಲಿ ಜಾರಿ ಬಿದ್ರು ಸಾರ್. ಸೊಂಟದ ಮೂಳೆ ಮುರ್ದಿದೆ. ಶಿವಮೊಗ್ಗಕ್ಕೆ ಕರ್ಕೊಂಡು ಬಂದಿದೀನಿ. ವಿಮೇಲಿ ಅವ್ರ ಹೆಸ್ರು ಇದೆಯಲ್ವಾ?"

"ಫಾರಂ ನೀವು ತಿರುಗಿ ಕಳಿಸಿಲ್ಲಲ್ರೀ."

"ನಂಗೆ ಬಂದೇ ಇಲ್ಲ ಸಾರ್. ಯಾವ ವಿಳಾಸಕ್ಕೆ ಹಾಕಿದ್ರಿ?"

ಚಂದ್ರಶೇಖರಪ್ಪ ವಿಳಾಸ ಓದಿದರು. 'ಹೊಸಪೇಟೆ' ಎಂದು ಓದಿದೊಡನೆ ತಪ್ಪು ತಮಗೇ ಹೊಳೆಯಿತು. ಅವರು ಊಟದ ಡಬ್ಬಿ ಎತ್ತಿ ಪಕ್ಕಕ್ಕಿಟ್ಟು, ಕಟ್ಟು ಬಿಚ್ಚಿದರು. ಚೀಟಿ ಸಿಕ್ಕಿತು. ಅದರ ಮೇಲೆ ಸಾರಿನ ಕಲೆ. ಕೆಳಗೆ ರಿಹಾನನ ಸಹಿ, ತಾವು ಬಯಸಿದ್ದಂತೆಯೇ ಸ್ಪಷ್ಟವಾಗಿತ್ತು.

ಮರುದಿನ ರಿಜಿಸ್ಟರ್ಡ್ ಲಕೋಟೆ ವಾಪಸು ಬಂತು. 'ವಿಳಾಸದಾರರು ಊರು ಬಿಟ್ಟಿದ್ದಾರೆ.'

"ಹಿಂದಿನ ತಾರೀಕು ಹಾಕಿ ಕಳಿಸಿಬಿಡ್ರೀ, ಯಾರಿಗ್ ಗೊತ್ತಾಗ್ತದೆ" ಎಂದ ಸಂಗಮೇಶ. ಅದರಿಂದ ಪ್ರಯೋಜನವಿಲ್ಲವೆಂದು ಚಂದ್ರಶೇಖರಪ್ಪನವರಿಗೆ ಗೊತ್ತಿತ್ತು. ಆದರೂ ರಜೆ ಹಾಕಿ ಶಿವಮೊಗ್ಗದ ವಿಮಾ ಕಚೇರಿಗೆ ಹೋಗಿ ಕೈಮುಗಿದು ನಿಂತರು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಹೆಣ್ಣುಮಗಳು. ಕೂರಿಸಿ ಟೀ ಕೊಟ್ಟು ಹೇಳಿದರು: "ಕಂತಿನ ಚೆಕ್ ನಮ್ಮ ಕೈ ಸೇರಿದ ದಿನದಿಂದ ನಮ್ಮ ಜವಾಬ್ದಾರಿ ಶುರು. ಆ ಅಮ್ಮ ಅದಕ್ಕೂ ಮುಂಚೆ ಬಿದ್ದಿದಾರೆ. ಫಾರಂ ಮೇಲೆ ಯಾವ ತಾರೀಕಿದ್ರೂ ಅಷ್ಟೇ ಸಾರ್. ನೀವು ಟೈಮಿಗೆ ಕೊಟ್ಟಿದ್ರೆ ಖರ್ಚೆಲ್ಲ ಬರ್ತಿತ್ತು, ಅಪಘಾತಕ್ಕೆ ಮೊದಲ ದಿನದಿಂದಲೇ ವಿಮೆ ಇದೆ."

ಆ ಕೊನೆಯ ಮಾತನ್ನು ಅವರು ಸಮಾಧಾನಕ್ಕೆಂದೇ ಹೇಳಿರಬೇಕು.

ಮಣಿಪಾಲಕ್ಕೆ ಒಯ್ದು ಆಪರೇಷನ್ ಮಾಡಿಸಿ ಎಂದರು ವೈದ್ಯರು. ವಿಮೆ ಇದ್ದಿದ್ದರೆ ರಿಹಾನ್ ಅಂದೇ ಹೊರಡುತ್ತಿದ್ದ. ಅಷ್ಟು ದುಡ್ಡು ಹೊಂದಿಸಲಾಗದೆ, ಶಿವಮೊಗ್ಗದಲ್ಲೇ ಕಾಲಿಗೆ ತೂಕ ಕಟ್ಟಿಸಿ ತಿಂಗಳುಗಟ್ಟಲೆ ಮಲಗಿಸಿದ. ಮೂಳೆ ಕೂಡಿತು, ಆದರೆ ಓರೆಯಾಗಿ. ಅಫ್ಸರ್ ಬೇಗಂ ಮತ್ತೆ ಎದ್ದು ಓಡಾಡಲಿಲ್ಲ.

ಕಂಪನಿ ಯಾರನ್ನೂ ಬೈಯಲಿಲ್ಲ. ಇ-ಮೇಲಿಗೆ ಇ-ಮೇಲಿನಲ್ಲೇ ಉತ್ತರಿಸತಕ್ಕದ್ದು ಎಂದು ಒಂದು ಸುತ್ತೋಲೆ ಬಂತು, ಟಪಾಲಿನಲ್ಲಿ. ರಾತ್ರಿ ಊಟಕ್ಕೆ ಕೂತಾಗ ಚಂದ್ರಶೇಖರಪ್ಪ ತುತ್ತು ಹಿಡಿದು ಹಾಗೇ ಕೂತಿರುವುದನ್ನು ಹೆಂಡತಿ ನೀಲಾಂಬಿಕ ಗಮನಿಸಿ, "ಏನಾಯ್ತ್ರೀ?" ಎಂದರೆ "ಸಾರು ಚಲೋ ಆಗೇತಿ" ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ನವೀಕರಣದ ಬಾಗಿಲು ತೆರೆಯಿತು. ಅವತ್ತೇ ಚಂದ್ರಶೇಖರಪ್ಪ ಫಾರಂ ಅಂಗಿಯ ಒಳಜೇಬಿನಲ್ಲಿಟ್ಟು ಸೊರಬದ ಬಸ್ಸು ಹತ್ತಿದರು. ಜೀಪಿನಲ್ಲಿ ಕಳಿಸಬಹುದಿತ್ತು. ಆದರೆ ಜೀಪಿನ ಮೇಲೂ ನಂಬಿಕೆ ಇರಲಿಲ್ಲ, ಟಪಾಲಿನ ಮೇಲೂ ಇರಲಿಲ್ಲ. ತಮ್ಮ ಮೇಲಂತೂ ಮೊದಲೇ ಇಲ್ಲ.

ರಿಹಾನ್ ಬಾಗಿಲು ತೆಗೆದ. ಬೈಯುತ್ತಾನೆ ಎಂದುಕೊಂಡು ಬಂದಿದ್ದರು. ಅವನು ಕುರ್ಚಿ ಎಳೆದು ಹಾಕಿ, ಫಾರಂ ತೆಗೆದುಕೊಂಡು ಸಹಿ ಮಾಡಿದ. ಮಂಚದ ಮೇಲೆ ಮಲಗಿದ್ದ ತಾಯಿ ತಲೆಯ ಸೆರಗು ಸರಿಮಾಡಿಕೊಂಡು ಈ ಕಡೆ ಹೊರಳಿದರು. ಪೂರ್ತಿ ಹೊರಳಲಾಗಲಿಲ್ಲ.

"ಪಾಪ, ಅಷ್ಟು ದೂರದಿಂದ ಬಂದೀರಿ ಸಾಹೇಬ್ರೇ. ಚಾ ಕುಡೀರಿ. ಈಗ ಇದರಾಗೆ ನನ್ನ ಹೆಸರು ಬಂತಲ್ಲಾ, ನನ್ನ ಈ ಕಾಲಿಗೆ ಏನಾರ ಸಿಗ್ತದೇನು?"

ಚಂದ್ರಶೇಖರಪ್ಪ ಫಾರಂ ಎರಡು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ಇಲ್ಲಮ್ಮ," ಎಂದರು. "ಇದು ಇನ್ನು ಮುಂದೆ ಬೀಳೋದಕ್ಕೆ ಮಾತ್ರ."